ಇವಿ ಬುಕ್ ಮಾಡುವ ಮುನ್ನ ಮನೆಯ ಮೀಟರ್ ಬೋರ್ಡ್ ನೋಡಿ: ಚಾರ್ಜರ್ ಖರ್ಚು, ಅನುಮತಿ ಮತ್ತು ಕನೆಕ್ಟರ್ ಲೆಕ್ಕ

ಪ್ರಶ್ನೆ: ನಾವಿರೋದು ತುಮಕೂರಿನಲ್ಲಿ, ಸ್ವಂತ ಮನೆ. ಕೆಲಸ ದಾಬಸ್‌ಪೇಟೆಯಲ್ಲಿ, ದಿನಕ್ಕೆ ಹೋಗಿ ಬಂದು 55 ಕಿ.ಮೀ. 30 ಕಿಲೋವ್ಯಾಟ್ ಅವರ್ ಬ್ಯಾಟರಿಯ ಎಲೆಕ್ಟ್ರಿಕ್ ಕಾರು ತಗೊಳ್ಳೋ ಯೋಚನೆ ಇದೆ. 50 ಸಾವಿರ ಜಾಸ್ತಿ ಕೊಟ್ಟು 7.2 ಕಿಲೋವ್ಯಾಟ್ ಚಾರ್ಜರ್ ಇರೋದೇ ತಗೊಳ್ಳಿ, ಅಳವಡಿಕೆ ಫ್ರೀ ಅಂತಾರೆ ಡೀಲರ್. ಮನೆಗೆ ಸಿಂಗಲ್ ಫೇಸ್, ಬಿಲ್ಲಿನಲ್ಲಿ 3 ಕಿಲೋವ್ಯಾಟ್ ಅಂತಿದೆ, ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರುತ್ತೆ. ಮೀಟರ್ ಮನೆ ಮುಂದೆ, ಕಾರು ನಿಲ್ಲೋ ಶೆಡ್ ಹಿಂದೆ. ನಿಜಕ್ಕೂ ಒಟ್ಟು ಎಷ್ಟು ಖರ್ಚಾಗುತ್ತೆ? ಬೆಸ್ಕಾಂ ಅನುಮತಿ ಬೇಕಾ? ಚಾರ್ಜಿಂಗ್ ಪಿನ್‌ಗಳಲ್ಲಿ ಏನು ನೋಡಬೇಕು?

ಉತ್ತರ: ಮೊದಲು ನಿಮ್ಮ ಓಡಾಟದ ಲೆಕ್ಕ ತೆಗೆದುಕೊಳ್ಳೋಣ, ಚಾರ್ಜರ್ ಎಷ್ಟು ದೊಡ್ಡದಿರಬೇಕು ಎನ್ನುವುದು ಅದರಿಂದಲೇ ಗೊತ್ತಾಗುತ್ತದೆ. ಈ ಗಾತ್ರದ ಕಾರು ಗೋಡೆಯ ಸಾಕೆಟ್‌ನಿಂದ ಎಳೆಯುವ ಒಂದು ಯೂನಿಟ್‌ಗೆ ಸುಮಾರು ಆರೂವರೆ ಕಿಲೋಮೀಟರ್ ಓಡುತ್ತದೆ. ಚಾರ್ಜ್ ಆಗುವಾಗ ಶಾಖವಾಗಿ ಹೋಗುವ ವಿದ್ಯುತ್ತನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಹಾಗಾದರೆ 55 ಕಿಲೋಮೀಟರ್‌ಗೆ ದಿನಕ್ಕೆ ಎಂಟೂವರೆ ಯೂನಿಟ್ ಸಾಕು. 3.3 ಕಿಲೋವ್ಯಾಟ್ ಚಾರ್ಜರ್ ನಮ್ಮ ಮನೆಗಳ ವೋಲ್ಟೇಜ್‌ನಲ್ಲಿ ವಾಸ್ತವವಾಗಿ ಗಂಟೆಗೆ 3 ಯೂನಿಟ್ ಕೊಡುತ್ತದೆ ಎಂದುಕೊಂಡರೂ ಮೂರು ಗಂಟೆಯೊಳಗೆ ಆ ದಿನದ ಓಡಾಟ ತುಂಬಿಹೋಗುತ್ತದೆ. ರಾತ್ರಿ ಹನ್ನೊಂದಕ್ಕೆ ಶುರುವಾದರೆ ಎರಡು ಗಂಟೆಗೆ ಮುಗಿಯಿತು.

ಶೋರೂಮಿನಲ್ಲಿ ಹೇಳುವ ಹತ್ತು-ಹನ್ನೊಂದು ಗಂಟೆ ಬ್ಯಾಟರಿ ಪೂರ್ತಿ ಖಾಲಿಯಾಗಿದ್ದಾಗಿನ ಲೆಕ್ಕ. ಅದು ಸುಳ್ಳಲ್ಲ. 30 ಕಿಲೋವ್ಯಾಟ್ ಅವರ್ ತುಂಬಲು 33-34 ಯೂನಿಟ್ ಬೇಕು, ಗಂಟೆಗೆ 3ರಂತೆ ಹನ್ನೊಂದು ಗಂಟೆಯಾಗುತ್ತದೆ, 7.2ರಲ್ಲಿ ಐದು ಗಂಟೆ. ಆದರೆ ದಿನಾ ಖಾಲಿಯಾಗಿ ಬರುವ ಓಡಾಟ ನಿಮ್ಮದಲ್ಲ. ದೂರದ ಊರಿಂದ ರಾತ್ರಿ ಬಂದು ಬೆಳಗ್ಗೆ ಮತ್ತೆ ದೂರ ಹೊರಡುವ ಸಂದರ್ಭ ತಿಂಗಳಿಗೆ ಒಂದೋ ಎರಡೋ ಬಂದರೆ, ಅದಕ್ಕೆ ದಾರಿಯಲ್ಲಿ ಬೇಗ ತುಂಬಿಸುವ ಡಿಸಿ ಚಾರ್ಜರ್ ಇದೆ. ದಿನಕ್ಕೆ 150 ಕಿಲೋಮೀಟರ್ ಓಡುವವರು, ಒಂದೇ ಮನೆಯಲ್ಲಿ ಎರಡು ಇವಿ ಇರುವವರು, ಮನೆಯಲ್ಲಿ ರಾತ್ರಿ ನಾಲ್ಕೈದು ಗಂಟೆಯಷ್ಟೇ ಕಾರು ನಿಲ್ಲಿಸುವವರು 7.2ಕ್ಕೆ ಹೋಗಬೇಕು. ನಿಮಗೆ ಈಗ ಅದರ ಅಗತ್ಯ ಕಾಣುವುದಿಲ್ಲ.

ಆದರೂ ಆ 50 ಸಾವಿರವನ್ನು ಬೇಡವೆಂದು ಬಿಡುವ ಮುನ್ನ ಡೀಲರ್‌ಗೆ ಒಂದು ಪ್ರಶ್ನೆ ಕೇಳಿ: ಈ ಹಣ ಕಾರಿನೊಳಗಿನ ಚಾರ್ಜರ್‌ಗೋ, ಗೋಡೆಗೆ ಹಾಕುವ ಪೆಟ್ಟಿಗೆಗೋ? ನಾವು ಗೋಡೆಗೆ ಹಾಕಿಸುವ ಪೆಟ್ಟಿಗೆ ಚಾರ್ಜರೇ ಅಲ್ಲ. ಅದು ಮನೆಯ ಎಸಿ ವಿದ್ಯುತ್ತನ್ನು ಸುರಕ್ಷಿತವಾಗಿ ಕಾರಿಗೆ ತಲುಪಿಸಿ, ಇಷ್ಟು ಆಂಪಿಯರ್‌ವರೆಗೆ ಎಳೆಯಬಹುದು ಎಂದು ಕಾರಿಗೆ ಹೇಳುತ್ತದೆ. ಎಸಿಯನ್ನು ಡಿಸಿ ಮಾಡಿ ಬ್ಯಾಟರಿಗೆ ತುಂಬುವ ನಿಜವಾದ ಚಾರ್ಜರ್ ಕಾರಿನೊಳಗೇ ಕೂತಿರುತ್ತದೆ. ಆನ್‌ಬೋರ್ಡ್ ಚಾರ್ಜರ್ ಎನ್ನುತ್ತಾರಲ್ಲ, ಅದೇ. ಗೋಡೆಯ ಪೆಟ್ಟಿಗೆ 7.2 ಇದ್ದು ಕಾರಿನೊಳಗೆ 3.3 ಇದ್ದರೆ ಸಿಗುವುದು 3.3 ಮಾತ್ರ.

ಗೋಡೆಯ ಪೆಟ್ಟಿಗೆಯನ್ನು ಎರಡು ವರ್ಷ ಬಿಟ್ಟೂ ಕೊಳ್ಳಬಹುದು. ಕಾರಿನೊಳಗಿನದನ್ನು ಆಮೇಲೆ ಬದಲಿಸಲಾಗುವುದಿಲ್ಲ, ಅದು ಬುಕಿಂಗ್ ದಿನವೇ ತೀರ್ಮಾನವಾಗುವ ವಿಷಯ. ಹಾಗಾಗಿ ನಿಮ್ಮ ವೇರಿಯಂಟ್‌ನಲ್ಲಿ 7.2ರ ಆನ್‌ಬೋರ್ಡ್ ಚಾರ್ಜರ್ ಹೇಗೂ ಬರುತ್ತದೆ, 50 ಸಾವಿರ ಪೆಟ್ಟಿಗೆಗೆ ಮಾತ್ರ ಎಂದಾದರೆ ಪೆಟ್ಟಿಗೆ ಬೇಡ ಎನ್ನಿ. ಹಣ ಒಳಗಿನ ಚಾರ್ಜರ್‌ಗೇ ಎಂದಾದರೆ, ಕಾರನ್ನು ಎಂಟು-ಹತ್ತು ವರ್ಷ ಇಟ್ಟುಕೊಳ್ಳುವ ಯೋಚನೆಯಿದ್ದಲ್ಲಿ ಅದನ್ನು ಪರಿಗಣಿಸಬಹುದು. ಉತ್ತರವನ್ನು ಬಾಯಿಮಾತಿನಲ್ಲಿ ಬಿಡದೆ ಕೊಟೇಶನ್‌ನಲ್ಲಿ ಬರೆಸಿಕೊಳ್ಳಿ. ಚಾರ್ಜರ್‌ನ ಬೆಲೆಯನ್ನು ಕಾರಿನ ಬೆಲೆಯಿಂದ ಬೇರೆಯಾಗಿ ತೋರಿಸುವುದು ಈಗ ಸಾಮಾನ್ಯ. ಮಹೀಂದ್ರ ಬಿಇ 6 ಬಿಡುಗಡೆಯಾದಾಗ 7.2ಕ್ಕೆ 50 ಸಾವಿರ, 11.2ಕ್ಕೆ 75 ಸಾವಿರ ಪ್ರತ್ಯೇಕವಾಗಿ ಹೇಳಿದ್ದರು. ಹ್ಯುಂಡೈ ಕ್ರೆಟಾ ಎಲೆಕ್ಟ್ರಿಕ್‌ನ 11 ಕಿಲೋವ್ಯಾಟ್ ಪೆಟ್ಟಿಗೆಗೆ ಕಾರು ಬಿಡುಗಡೆಯಾದಾಗ 73 ಸಾವಿರ ಇತ್ತು.

11 ಕಿಲೋವ್ಯಾಟ್ ಎಂದ ಮೇಲೆ ಇನ್ನೊಂದು ಮಾತು ಹೇಳಬೇಕು. ಅದು ತ್ರೀ-ಫೇಸ್‌ನ ಲೆಕ್ಕ, ಒಂದೊಂದು ಫೇಸ್‌ನಿಂದ 16 ಆಂಪಿಯರ್. ಸಿಂಗಲ್ ಫೇಸ್ ಮನೆಯಲ್ಲಿ ಅಂಥ ಕಾರು 11 ಎಳೆಯಲಾರದು. ಕೆಲವು 7ರ ಆಸುಪಾಸು ಎಳೆಯುತ್ತವೆ, ಕೆಲವು 3.7ಕ್ಕೇ ನಿಲ್ಲುತ್ತವೆ. ನಿಮ್ಮ ಮನೆ ಸಿಂಗಲ್ ಫೇಸ್ ಆಗಿರುವುದರಿಂದ ಮನಸ್ಸು ಬದಲಿಸಿ ದೊಡ್ಡ ಕಾರಿಗೆ ಹೋದರೆ ಇದನ್ನು ಕೇಳಲೇಬೇಕು.

ಈಗ ಅನುಮತಿಯ ವಿಷಯ. ಮನೆಯ ಇರುವ ಸಂಪರ್ಕದಿಂದಲೇ ಕಾರು ಚಾರ್ಜ್ ಮಾಡಿಕೊಳ್ಳಬಹುದು ಎಂದು ಕೇಂದ್ರ ಇಂಧನ ಸಚಿವಾಲಯದ 2022ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳಿದೆ. ಕಾರು ಕೊಂಡೆ, ಚಾರ್ಜ್ ಮಾಡಲೇ ಎಂದು ಬೆಸ್ಕಾಂಗೆ ಅರ್ಜಿ ಹಾಕುವ ಅಗತ್ಯವಿಲ್ಲ. ಅನುಮತಿ ಬೇಕಾಗುವುದು ಮಂಜೂರಾದ ಲೋಡ್ ಮೀರಿದಾಗ, ಅಥವಾ ಕಾರಿಗೆಂದೇ ಬೇರೆ ಮೀಟರ್ ಕೇಳಿದಾಗ.

ನಿಮ್ಮ ಮಂಜೂರಾದ ಲೋಡ್ 3 ಕಿಲೋವ್ಯಾಟ್. ಕಾರೊಂದೇ 3.2ರಷ್ಟು ಎಳೆಯುತ್ತದೆ. ಫ್ಯಾನು, ಫ್ರಿಜ್ ಸೇರಿ ರಾತ್ರಿ 3.6 ಆಯಿತು. ಬೆಳಗ್ಗೆ ಗೀಸರ್ ಹಾಕಿದ ಹೊತ್ತಲ್ಲಿ ಕಾರೂ ಚಾರ್ಜ್ ಆಗುತ್ತಿದ್ದರೆ ಐದೂವರೆ ದಾಟುತ್ತದೆ, ಮೋಟಾರ್ ಬೇರೆ ಇದ್ದರೆ ಆರು. ಮೀಟರ್ ನಿಮ್ಮ ಗರಿಷ್ಠ ಬೇಡಿಕೆಯನ್ನು ದಾಖಲಿಸಿಕೊಳ್ಳುತ್ತದೆ. ಅದು ಮಂಜೂರಾದ ಲೋಡ್ ಮೀರಿದರೆ ಬಿಲ್ಲಿನಲ್ಲಿ ಹೆಚ್ಚುವರಿ ಶುಲ್ಕ ಬರುತ್ತದೆ. ಕಾರಿನ ಆ್ಯಪ್‌ನಲ್ಲಿ ಚಾರ್ಜ್ ಶುರುವಾಗುವ ಹೊತ್ತನ್ನು ರಾತ್ರಿ ಹನ್ನೊಂದಕ್ಕೆ ಇಟ್ಟರೆ ಗೀಸರ್ ಜೊತೆಗಿನ ಘರ್ಷಣೆ ತಪ್ಪುತ್ತದೆ. ಆದರೂ 3ರಲ್ಲಿ ಉಳಿಯುವಂತಿಲ್ಲ, ಕನಿಷ್ಠ 4ಕ್ಕೆ, ನೆಮ್ಮದಿ ಬೇಕಾದರೆ 5ಕ್ಕೆ ಏರಿಸಬೇಕು.

ಏರಿಸುವುದಕ್ಕೆ ಒಮ್ಮೆ ಕಟ್ಟುವ ಠೇವಣಿ, ಶುಲ್ಕಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. ತಿಂಗಳು ತಿಂಗಳು ಬರುವ ಸ್ಥಿರ ಶುಲ್ಕವನ್ನು ಮರೆಯುತ್ತಾರೆ. 2025-26ರ ದರಪಟ್ಟಿಯಲ್ಲಿ ಮನೆಬಳಕೆಗೆ ಪ್ರತಿ ಕಿಲೋವ್ಯಾಟ್‌ಗೆ ತಿಂಗಳಿಗೆ 145 ರೂಪಾಯಿ ಇತ್ತು. ಆ ಲೆಕ್ಕದಲ್ಲಿ 3ರಿಂದ 5ಕ್ಕೆ ಹೋದರೆ ತಿಂಗಳಿಗೆ 290, ವರ್ಷಕ್ಕೆ 3,480 ರೂಪಾಯಿ ಹೆಚ್ಚು. 7.2ರ ಚಾರ್ಜರ್ ಹಾಕಿಸಿ ಲೋಡನ್ನು 10ಕ್ಕೆ ಒಯ್ದರೆ ವರ್ಷಕ್ಕೆ 12 ಸಾವಿರ ದಾಟುತ್ತದೆ. ಕಾರು ನಿಂತಿದ್ದರೂ ಅದನ್ನು ಕಟ್ಟಲೇಬೇಕು. ಜೊತೆಗೆ 7.2ಕ್ಕೆ ಸಿಂಗಲ್ ಫೇಸ್‌ನಲ್ಲಿ 32 ಆಂಪಿಯರ್ ಬೇಕು. ನಿಮ್ಮ ಮೀಟರ್‌ನ ಮುಖದ ಮೇಲೆ 5-30 ಆಂಪಿಯರ್ ಎಂದಿದೆಯೋ 10-60 ಎಂದಿದೆಯೋ ನೋಡಿ. 5-30 ಎಂದಿದ್ದರೆ ಕಾರೊಂದೇ ಅದರ ಮಿತಿ ದಾಟುತ್ತದೆ. ಆಗ ಮೀಟರ್, ಕಂಬದಿಂದ ಬರುವ ಸರ್ವಿಸ್ ವೈರ್ ಎರಡೂ ಬದಲಾಗಬೇಕು, ಬಹುತೇಕ ತ್ರೀ-ಫೇಸ್‌ಗೇ ಹೋಗಬೇಕಾಗುತ್ತದೆ. ಅಳವಡಿಕೆ ಫ್ರೀ ಎನ್ನುವ ಮಾತಿನಲ್ಲಿ ಇದ್ಯಾವುದೂ ಸೇರಿರುವುದಿಲ್ಲ.

ನಿಮ್ಮ ಮಟ್ಟಿಗೆ ಇದಕ್ಕಿಂತ ದೊಡ್ಡ ವಿಷಯ ಗೃಹಜ್ಯೋತಿ. ತಿಂಗಳಿಗೆ 26 ದಿನ ಓಡಾಡಿದರೆ ಕಾರಿಗೆ 210-220 ಯೂನಿಟ್ ಬೇಕು. ಮನೆಗೆ ಈಗ 125 ಯೂನಿಟ್ ಆಗುತ್ತಿದೆ ಎಂದಿಟ್ಟುಕೊಳ್ಳಿ. ಒಟ್ಟು 340ರ ಹತ್ತಿರ ಹೋಯಿತು. ಬಳಕೆ 200 ಯೂನಿಟ್ ದಾಟಿದ ತಿಂಗಳು ಗೃಹಜ್ಯೋತಿಯ ರಿಯಾಯಿತಿ ಪೂರ್ತಿ ಹೋಗುತ್ತದೆ, 200ರ ಮೇಲಿನದಕ್ಕಷ್ಟೇ ಅಲ್ಲ, ಮೊದಲ ಯೂನಿಟ್‌ನಿಂದಲೇ ಕಟ್ಟಬೇಕು. ಅದೇ 2025-26ರ ದರಪಟ್ಟಿಯಲ್ಲಿದ್ದ ಯೂನಿಟ್‌ಗೆ 5.80ರಂತೆ, ಸ್ಥಿರ ಶುಲ್ಕ, ತೆರಿಗೆ, ಸರ್ಚಾರ್ಜ್ ಸೇರಿ 2,700ರಿಂದ 3,000 ರೂಪಾಯಿ ಬಿಲ್ ಬರುತ್ತದೆ. ಸೊನ್ನೆಯಿಂದ ಅಲ್ಲಿಗೆ ಹೋಗುವುದರಿಂದ ಅಷ್ಟೂ ಹಣ ಕಾರಿನ ಖಾತೆಗೇ ಸೇರಬೇಕು. ಪೆಟ್ರೋಲ್‌ಗೆ ಹೋಲಿಸಿದರೆ ಈಗಲೂ ಬಹಳ ಕಡಿಮೆಯೇ, ಆದರೆ ಕಿಲೋಮೀಟರ್‌ಗೆ ಒಂದು ರೂಪಾಯಿ ಎಂದು ಶೋರೂಮಿನಲ್ಲಿ ಹೇಳಿದ್ದು ನಿಮ್ಮ ಮನೆಯಲ್ಲಿ ಎರಡು ರೂಪಾಯಿಯಾಗಿರುತ್ತದೆ.

ಇಲ್ಲಿ ಬೇರೆ ಮೀಟರ್‌ನ ದಾರಿ ಉಪಯೋಗಕ್ಕೆ ಬರುತ್ತದೆ. ಇವಿ ಚಾರ್ಜಿಂಗ್‌ಗೆಂದು ಗ್ರಾಹಕ ಕೇಳಿದರೆ ಪ್ರತ್ಯೇಕ ಸಂಪರ್ಕ ಕೊಡಬೇಕು ಎಂದು ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ 2024ರ ಫೆಬ್ರುವರಿಯಲ್ಲಿ ತಂದ ತಿದ್ದುಪಡಿ ಹೇಳುತ್ತದೆ. ಆ ಮೀಟರ್‌ಗೆ ಬೇರೆ ಆರ್.ಆರ್. ನಂಬರ್, ಬೇರೆ ದರವರ್ಗ. ಕರ್ನಾಟಕದಲ್ಲಿ ಇವಿ ಚಾರ್ಜಿಂಗ್‌ನ ದರ ಮನೆಬಳಕೆಗಿಂತ ಕಡಿಮೆ, ಯೂನಿಟ್‌ಗೆ ನಾಲ್ಕೂವರೆ ರೂಪಾಯಿಯ ಆಸುಪಾಸು. ಗೃಹಜ್ಯೋತಿ ಮನೆಯ ಮೀಟರ್‌ಗೆ ಸಂಬಂಧಿಸಿದ್ದು. ಕಾರಿನ 210 ಯೂನಿಟ್ ಅದರಲ್ಲಿ ಸೇರದಿದ್ದರೆ ಮನೆಯ ಬಿಲ್ ಈಗಿನಂತೆಯೇ ಉಳಿಯುತ್ತದೆ. ಕಾರಿಗೆ ಪ್ರತ್ಯೇಕವಾಗಿ ಸ್ಥಿರ ಶುಲ್ಕ ಸೇರಿ ಒಂದೂವರೆ ಸಾವಿರದ ಸುತ್ತ ಬರಬಹುದು. ವರ್ಷಕ್ಕೆ 14ರಿಂದ 18 ಸಾವಿರ ಉಳಿದಂತೆ. ಮನೆಯ ಲೋಡ್ ಏರಿಸುವ ಪ್ರಶ್ನೆಯೂ ಉಳಿಯುವುದಿಲ್ಲ.

ಆದರೆ ಬೇರೆ ಮೀಟರ್ ಎಂದರೆ ಕಾನೂನಿನ ಕಣ್ಣಲ್ಲಿ ಹೊಸ ಸಂಪರ್ಕ. 2024ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಹೊಸ ಸಂಪರ್ಕ ಕೊಡುವಾಗ ಕಟ್ಟಡದ ಸ್ವಾಧೀನಾನುಭವ ಪತ್ರ ಕೇಳುವುದು ರಾಜ್ಯದಲ್ಲಿ ಬಿಗಿಯಾಗಿದೆ. ಚಿಕ್ಕ ನಿವೇಶನದ ಮನೆಗಳಿಗೆ ಸರ್ಕಾರ ವಿನಾಯಿತಿ ಕೊಟ್ಟಿದೆ, ಆದರೆ ನಿಮ್ಮ ಮನೆ ಅದರೊಳಗೆ ಬರುತ್ತದೆಯೇ ಎಂದು ನಿಮ್ಮ ಬೆಸ್ಕಾಂ ಉಪವಿಭಾಗದಲ್ಲಿ ಕಾರು ಬುಕ್ ಮಾಡುವ ಮೊದಲೇ ವಿಚಾರಿಸಿ. ಆಧಾರ್, ಮನೆಯ ಖಾತಾ ಮತ್ತು ಕಂದಾಯ ರಸೀದಿ, ಈಗಿನ ಬಿಲ್ ಹಿಡಿದು ಹೋಗಿ. ಮನೆಯ ಖಾತೆ ಇನ್ನೂ ತಂದೆಯವರ ಹೆಸರಲ್ಲಿದ್ದರೆ ಅರ್ಜಿಯೂ ಅವರ ಹೆಸರಲ್ಲೇ ಹೋಗಬೇಕು, ಇಲ್ಲವೇ ಅವರ ಒಪ್ಪಿಗೆ ಪತ್ರ ಬೇಕಾಗುತ್ತದೆ. ಬಹಳ ಅರ್ಜಿಗಳು ಇಲ್ಲೇ ವಾಪಸ್ ಬರುತ್ತವೆ.

ಲೋಡ್ ಏರಿಸಿದರೂ ಬೇರೆ ಮೀಟರ್ ಹಾಕಿಸಿದರೂ ವೈರಿಂಗ್ ಕೆಲಸವನ್ನು ಲೈಸೆನ್ಸ್ ಇರುವ ವಿದ್ಯುತ್ ಗುತ್ತಿಗೆದಾರರೇ ಮಾಡಿ, ಕೆಲಸ ಮುಗಿದ ವರದಿಗೆ ಸಹಿ ಹಾಕಿ ಕೊಡಬೇಕು. ಡೀಲರ್ ಕಳಿಸುವ ಹುಡುಗರ ಬಳಿ ಆ ಲೈಸೆನ್ಸ್ ಇರುವುದಿಲ್ಲ ಎಂದೇನಲ್ಲ, ಆದರೆ ಕೇಳಿ ನೋಡಿ, ಪ್ರತಿ ತೆಗೆದಿಟ್ಟುಕೊಳ್ಳಿ. ಮುಂದೆ ಬೆಂಕಿ ಅನಾಹುತವಾಗಿ ವಿಮೆ ಕೇಳುವ ಪರಿಸ್ಥಿತಿ ಬಂದರೆ ಆ ಒಂದು ಹಾಳೆಗೆ ಬೆಲೆ ಇದೆ. ಅಪಾರ್ಟ್‌ಮೆಂಟ್‌ನಲ್ಲಿರುವ ಓದುಗರಿಗೆ ಇದರ ಜೊತೆಗೆ, ಕೇಬಲ್ ಎಲ್ಲರ ಜಾಗದಲ್ಲಿ ಹಾದುಹೋಗುವುದರಿಂದ ಸಂಘದ ಒಪ್ಪಿಗೆ ಬರಹದಲ್ಲಿ ಬೇಕು.

ಇನ್ನು ವೈರಿಂಗ್. ಖರ್ಚು ಹೆಚ್ಚು ಬೀಳುವುದೂ, ತಪ್ಪು ಹೆಚ್ಚು ಆಗುವುದೂ ಇಲ್ಲಿಯೇ. ಮುಂದಿನ ಮೀಟರ್‌ನಿಂದ ಹಿಂದಿನ ಶೆಡ್‌ವರೆಗೆ ಗೋಡೆಗುಂಟ 28 ಮೀಟರ್ ಇದೆ ಎಂದು ಹಿಡಿಯೋಣ. ಟೇಪ್ ಹಿಡಿದು ನೀವೇ ಅಳೆದುಕೊಳ್ಳಿ. ಮೇಲೇರಿ ಇಳಿಯುವುದನ್ನೂ ಸೇರಿಸಿ. ಡೀಲರ್‌ನ ಉಚಿತ ಅಳವಡಿಕೆಗೆ ಕೇಬಲ್ ಉದ್ದದ ಮಿತಿ ಇದ್ದೇ ಇರುತ್ತದೆ. ಅದು ಎಷ್ಟು ಮೀಟರ್, ಮೀರಿದರೆ ಮೀಟರ್‌ಗೆ ಎಷ್ಟು, ಅರ್ಥಿಂಗ್ ಮತ್ತು ಬ್ರೇಕರ್ ಯಾರ ಖರ್ಚು ಎಂದು ಬರೆಸಿಕೊಳ್ಳಿ.

ಶೆಡ್‌ನಲ್ಲಿ ಈಗಾಗಲೇ 15 ಆಂಪಿಯರ್ ಸಾಕೆಟ್ ಇದೆಯಲ್ಲ, ಅದಕ್ಕೇ ಚುಚ್ಚಿದರೆ ಆಗದೇ ಎಂದು ಬಹಳ ಜನ ಕೇಳುತ್ತಾರೆ. ಆಗಬಾರದು. ಗೀಸರ್ ಇಪ್ಪತ್ತು ನಿಮಿಷ ಉರಿದು ನಿಲ್ಲುತ್ತದೆ. ಕಾರು 14 ಆಂಪಿಯರನ್ನು ಗಂಟೆಗಟ್ಟಲೆ ಬಿಡುವಿಲ್ಲದೆ ಎಳೆಯುತ್ತದೆ. ಹಳೆಯ ಸಾಕೆಟ್‌ನ ಸಡಿಲವಾದ ಹಿತ್ತಾಳೆ ಪಟ್ಟಿಗಳು ಅಲ್ಲೇ ಕಾದು, ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ, ಕರಗತೊಡಗುತ್ತವೆ. ಎಂಸಿಬಿ ಇದನ್ನು ಹಿಡಿಯುವುದಿಲ್ಲ, ಏಕೆಂದರೆ ಕರೆಂಟು ಮಿತಿಯೊಳಗೇ ಇದೆ. ಬಿಸಿ ಏರುತ್ತಿರುವುದು ಸಡಿಲ ಜೋಡಣೆಯಿಂದ. ಆ ಸಾಕೆಟ್‌ನ ಹಿಂದಿನ ವೈರ್ ಬಹುಮಟ್ಟಿಗೆ 2.5 ಸ್ಕ್ವೇರ್ ಎಂಎಂ ಇರುತ್ತದೆ, ಅದರಲ್ಲೇ ಬಾತ್‌ರೂಮಿಗೋ ಮೋಟಾರ್‌ಗೋ ಕವಲು ಹೋಗಿರುತ್ತದೆ. ಎಕ್ಸ್‌ಟೆನ್ಶನ್ ಬಾಕ್ಸ್ ಅಂತೂ ಬೇಡವೇ ಬೇಡ. ಕಾರಿನ ಕೇಬಲ್‌ಗೆ ಇನ್ನೊಂದು ಕೇಬಲ್ ಸೇರಿಸಬಾರದು ಎಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮವೇ ಹೇಳುತ್ತದೆ. ಸಾಕೆಟ್ ನೆಲದಿಂದ ಕನಿಷ್ಠ 800 ಮಿ.ಮೀ. ಎತ್ತರದಲ್ಲಿರಬೇಕು, ಚಾರ್ಜಿಂಗ್ ಪಾಯಿಂಟ್‌ಗೆ ಅದರದೇ ಪ್ರತ್ಯೇಕ ಸರ್ಕಿಟ್ ಇರಬೇಕು ಎನ್ನುವುದೂ ಅದೇ ನಿಯಮಗಳಲ್ಲಿದೆ.

ಹೊಸ ಸರ್ಕಿಟ್‌ಗೆ ಎಷ್ಟು ದಪ್ಪದ ವೈರ್? 3.3ಕ್ಕೆ ಈ ದೂರಕ್ಕೆ 4 ಸ್ಕ್ವೇರ್ ಎಂಎಂ ತಾಮ್ರ ನಡೆಯುತ್ತದೆ, 14 ಆಂಪಿಯರ್‌ಗೆ ವೋಲ್ಟೇಜ್ ಇಳಿತ ಮೂರೂವರೆ ವೋಲ್ಟ್. ನನ್ನ ಸಲಹೆ 6 ಎಳೆಸಿ. ಕೂಲಿ, ಪೈಪು, ಗೋಡೆ ಕೊರೆತ ಎಲ್ಲ ಒಂದೇ. ವೈರ್‌ನ ವ್ಯತ್ಯಾಸ ಎರಡು ಸಾವಿರದಷ್ಟು. ಮುಂದೆ 7.2 ಬೇಕೆನಿಸಿದರೆ ಅದೇ 6ರಲ್ಲಿ 32 ಆಂಪಿಯರ್‌ಗೆ ಐದೂವರೆ ವೋಲ್ಟ್ ಇಳಿತ, ವೈರ್ ಕಾದಾಗ ಸುಮಾರು ಆರೂವರೆ. ಗೋಡೆಯ ಮೇಲೆ ನೆರಳಿನಲ್ಲಿ ಒಂಟಿ ಪೈಪಿನಲ್ಲಿ ಹೋದರೆ ಅದನ್ನು ತಡೆದುಕೊಳ್ಳುತ್ತದೆ. ಪೈಪು ತಾರಸಿಯ ಬಿಸಿಲಲ್ಲಿ ಹಾದುಹೋಗುವುದಾದರೆ, ಅಥವಾ 7.2 ಖಂಡಿತ ಎಂದಾದರೆ, 10 ಸ್ಕ್ವೇರ್ ಎಂಎಂ ಹಾಕಿಸುವುದೇ ಸರಿ. ಅಲ್ಯೂಮಿನಿಯಂ ಬೇಡ.

ಬ್ರೇಕರ್ ವಿಷಯದಲ್ಲಿ ಅಂಗಡಿಯವರ ಮಾತಿಗಿಂತ ಅದರ ಮುಖದ ಮೇಲಿನ ಗುರುತನ್ನು ನಂಬಿ. ನಿಮಗೆ ಬೇಕಾದದ್ದು ಎರಡು ಪೋಲ್‌ನ ಆರ್‌ಸಿಬಿಒ, 30 ಮಿಲಿಆಂಪಿಯರ್, ಟೈಪ್ ಎ. ಕರೆಂಟು ಮಿತಿ ಮೀರಿದರೂ, ಭೂಮಿಗೆ ಸೋರಿದರೂ ತಾನೇ ಬೀಳುವ ಬ್ರೇಕರ್ ಅದು. ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವುದು ಟೈಪ್ ಎಸಿ. ಎಸಿಯ ಮೇಲೆ ಒಂದು ಅಲೆಯ ಗೆರೆ ಮಾತ್ರ ಇರುತ್ತದೆ. ಎ ಮೇಲೆ ಆ ಅಲೆಯ ಕೆಳಗೆ ಅರ್ಧ ಗುಬುಟುಗಳ ಇನ್ನೊಂದು ಗೆರೆಯೂ ಇರುತ್ತದೆ. ಕಾರಿನ ಚಾರ್ಜರ್‌ನಿಂದ ಸೋರುವ ಕರೆಂಟು ಸಾದಾ ಎಸಿ ರೂಪದಲ್ಲೇ ಇರುವುದಿಲ್ಲ, ಟೈಪ್ ಎಸಿಗೆ ಅದು ಕಾಣದೇ ಹೋಗಬಹುದು. ಹಾಗಾಗಿಯೇ ನಿಯಮ ಕನಿಷ್ಠ ಟೈಪ್ ಎ ಕೇಳುತ್ತದೆ. ಗೋಡೆಯ ಪೆಟ್ಟಿಗೆ ಕೊಳ್ಳುವುದಾದರೆ ಅದರಲ್ಲಿ 6 ಮಿಲಿಆಂಪಿಯರ್ ಡಿಸಿ ಸೋರಿಕೆ ಪತ್ತೆ ಇದೆಯೇ ನೋಡಿ. ಇದ್ದರೆ ಹೊರಗೆ ಟೈಪ್ ಎ ಸಾಕು. ಇಲ್ಲದಿದ್ದರೆ ದುಬಾರಿಯಾದ ಟೈಪ್ ಬಿ ಬೇಕಾಗುತ್ತದೆ, ಅಗ್ಗದ ಪೆಟ್ಟಿಗೆಯಲ್ಲಿ ಉಳಿಸಿದ ಹಣ ಅಲ್ಲಿ ಹೋಗುತ್ತದೆ.

ಅರ್ಥಿಂಗ್‌ಗೆ ಬರೋಣ. ಕಾರು ಚಾರ್ಜ್ ಆಗುತ್ತಿಲ್ಲ, ಕೆಂಪು ದೀಪ ಬರುತ್ತಿದೆ ಎಂದು ನನಗೆ ಬರುವ ಕರೆಗಳಲ್ಲಿ ಬಹುಪಾಲು ಕಾರಿನ ದೋಷವಲ್ಲ, ಮನೆಯ ಅರ್ಥಿಂಗ್ ದೋಷ. ಟಿವಿ, ಫ್ಯಾನುಗಳು ಅರ್ಥ್ ಇಲ್ಲದೆಯೂ ಓಡುತ್ತವೆ, ಹಾಗಾಗಿ ವರ್ಷಗಟ್ಟಲೆ ಯಾರಿಗೂ ಗೊತ್ತಾಗಿರುವುದಿಲ್ಲ. ಕಾರು ಮಾತ್ರ ಪ್ರತಿ ಸಲ ಪರೀಕ್ಷಿಸಿ, ಸರಿಯಿಲ್ಲದಿದ್ದರೆ ಒಪ್ಪುವುದಿಲ್ಲ. ತುಮಕೂರಿನ ಕಡೆಯ ಕಲ್ಲುಮಿಶ್ರಿತ ಒಣ ನೆಲದಲ್ಲಿ ಹಳೆಯ ಅರ್ಥ್ ಗುಂಡಿ ಬೇಸಿಗೆಗೆ ಸತ್ತಂತೆಯೇ. ನಿಮ್ಮ ಎಲೆಕ್ಟ್ರಿಷಿಯನ್ ಶೆಡ್‌ನ ಸಾಕೆಟ್‌ನಲ್ಲಿ ಮೂರು ಅಳತೆ ತೆಗೆಯಲಿ: ಫೇಸ್-ನ್ಯೂಟ್ರಲ್, ಫೇಸ್-ಅರ್ಥ್, ನ್ಯೂಟ್ರಲ್-ಅರ್ಥ್. ಮೊದಲ ಎರಡು ಹೆಚ್ಚೂಕಡಿಮೆ ಒಂದೇ ಬರಬೇಕು, ಮೂರನೆಯದು ಎರಡು-ಮೂರು ವೋಲ್ಟ್ ಒಳಗೆ. ಫೇಸ್-ಅರ್ಥ್ 150 ಎಂದೋ 170 ಎಂದೋ ಬಂದರೆ ಅರ್ಥ್ ಹೆಸರಿಗಷ್ಟೇ ಇದೆ. ಈ ಅಳತೆಯನ್ನು ಮನೆಯಲ್ಲಿ ಗೀಸರ್ ಉರಿಯುತ್ತಿರುವಾಗ, ಸಂಜೆ ಏಳೆಂಟರ ಹೊತ್ತಿಗೆ ತೆಗೆಯುವುದು ಒಳ್ಳೆಯದು. ನಿಮ್ಮ ಬಡಾವಣೆಯ ವೋಲ್ಟೇಜ್ ಎಷ್ಟಕ್ಕೆ ಇಳಿಯುತ್ತದೆ ಎನ್ನುವುದೂ ಆಗಲೇ ಕಾಣುತ್ತದೆ. 190ರ ಕೆಳಗೆ ಹೋಗುವ ಮನೆಗಳಲ್ಲಿ ಚಾರ್ಜ್ ನಡುವೆ ನಿಲ್ಲುವುದುಂಟು, ಅಂಥಲ್ಲಿ ತಡರಾತ್ರಿಯೇ ಸರಿಯಾದ ಹೊತ್ತು.

ಕಾರಿಗೆಂದೇ ಹೊಸ ಅರ್ಥ್ ಗುಂಡಿ ತೋಡಿಸಿ, ಅರ್ಥ್ ಟೆಸ್ಟರ್‌ನಿಂದ ಅಳೆಸಿ. 5 ಓಮ್ ಒಳಗೆ ಬಂದರೆ ಚೆನ್ನ. ಸುಲಭಕ್ಕೆಂದು ನ್ಯೂಟ್ರಲ್ ಅನ್ನೇ ಅರ್ಥ್‌ಗೆ ಸೇರಿಸಿ ಕೆಂಪು ದೀಪ ಆರಿಸುವವರಿದ್ದಾರೆ. ಅದನ್ನು ಮಾಡಲು ಬಿಡಬೇಡಿ. ಕಂಬದಲ್ಲಿ ನ್ಯೂಟ್ರಲ್ ಕಡಿದ ದಿನ ಕಾರಿನ ಇಡೀ ಮೈಗೆ ಕರೆಂಟು ಬರುತ್ತದೆ. ಮನೆಯಲ್ಲಿ ಯುಪಿಎಸ್ ಇದ್ದರೆ ಅದರ ನ್ಯೂಟ್ರಲ್ ಈ ಸರ್ಕಿಟ್‌ಗೆ ಬೆರೆಯದಂತೆಯೂ ನೋಡಿಕೊಳ್ಳಿ. ಕಾರಣವಿಲ್ಲದೆ ಆರ್‌ಸಿಬಿಒ ಬೀಳುತ್ತಿದ್ದರೆ ನಾನು ಮೊದಲು ಹುಡುಕುವುದು ಅದನ್ನೇ.

ಈಗ ನಿಮ್ಮ ಮನೆಯ ಲೆಕ್ಕ. 3.3ರ ದಾರಿಯಲ್ಲಿ, ಕಾರಿನ ಜೊತೆ ಬರುವ ಪೋರ್ಟಬಲ್ ಕೇಬಲ್ ಬಳಸುವುದಾದರೆ: ಫೇಸ್ ಮತ್ತು ನ್ಯೂಟ್ರಲ್‌ಗೆ 6 ಸ್ಕ್ವೇರ್ ಎಂಎಂ ತಾಮ್ರದ ವೈರ್ 64 ಮೀಟರ್, ಸುಮಾರು 6,500 ರೂಪಾಯಿ. ಅರ್ಥ್ ವೈರ್ 2,000. ಪೈಪು, ಕ್ಲಾಂಪು 2,500. ಟೈಪ್ ಎ ಆರ್‌ಸಿಬಿಒ ಮತ್ತು ಮಳೆನೀರು ಹೊಗದ ಡಬ್ಬಿ 5,000. ಒಳ್ಳೆಯ 16 ಆಂಪಿಯರ್ ಸಾಕೆಟ್ 1,000ದ ಒಳಗೆ. ಅರ್ಥ್ ಗುಂಡಿ 6,000. ಕೂಲಿ 5,000. ಹೆಚ್ಚೂಕಡಿಮೆ 28 ಸಾವಿರವಾಯಿತು. ತಾಮ್ರದ ಬೆಲೆ ಏರಿಳಿಯುವುದರಿಂದ 25ರಿಂದ 32 ಎಂದಿಟ್ಟುಕೊಳ್ಳಿ. ಬೆಸ್ಕಾಂಗೆ ಕಟ್ಟುವ ಠೇವಣಿ, ಶುಲ್ಕ ಮತ್ತು ಬೇರೆ ಮೀಟರ್ ಬೋರ್ಡ್‌ನ ಖರ್ಚು ಇದರ ಮೇಲೆ.

7.2ರ ದಾರಿಯಲ್ಲಿ ಇದೇ ಕೆಲಸಕ್ಕೆ 10 ಸ್ಕ್ವೇರ್ ಎಂಎಂ ವೈರ್, 40 ಆಂಪಿಯರ್ ಆರ್‌ಸಿಬಿಒ ಸೇರಿ 35-38 ಸಾವಿರ. ಪೆಟ್ಟಿಗೆಗೆ ಡೀಲರ್ ಹೇಳಿದ 50. ಸರ್ವಿಸ್ ವೈರ್, ಮೀಟರ್ ಬೋರ್ಡ್ ಬದಲಿಸಿ ತ್ರೀ-ಫೇಸ್ ಮಾಡಿಸುವುದಕ್ಕೆ 15-25. ಲಕ್ಷ ಮುಟ್ಟಿತು, ಜೊತೆಗೆ ತಿಂಗಳ ಸ್ಥಿರ ಶುಲ್ಕ. ನಿಮ್ಮ 55 ಕಿಲೋಮೀಟರ್‌ಗೆ ಆ ಹಣದಿಂದ ಸಿಗುವುದು ನೀವು ಮಲಗಿರುವಾಗಿನ ಒಂದೂವರೆ ಗಂಟೆ.

ಕನೆಕ್ಟರ್ ವಿಷಯ ಕಾರು ಹೊಸದಾದರೆ ಸರಳ. ಇಂದು ಭಾರತದಲ್ಲಿ ಮಾರುವ ಹೊಸ ಕಾರುಗಳಲ್ಲಿ ಎಸಿಗೆ ಟೈಪ್ 2, ಏಳು ರಂಧ್ರಗಳ ದುಂಡನೆಯ ಮುಖ. ಅದರ ಕೆಳಗೇ ಎರಡು ದಪ್ಪ ಡಿಸಿ ಪಿನ್ ಸೇರಿದರೆ ಸಿಸಿಎಸ್ 2. ಮನೆಯಲ್ಲಿ ಮೇಲಿನ ಭಾಗ, ಹೆದ್ದಾರಿಯಲ್ಲಿ ಪೂರ್ತಿ ಬಳಕೆಯಾಗುತ್ತದೆ. ಅಗ್ಗದ ವೇರಿಯಂಟ್ ನೋಡುವಾಗ ಮುಚ್ಚಳ ತೆಗೆಸಿ ಕೆಳಗಿನ ಎರಡು ಪಿನ್ ಇವೆಯೇ ಎಂದು ಕಣ್ಣಾರೆ ನೋಡಿ. ಎಂಜಿ ಕಾಮೆಟ್ ಮೊದಲು ಬಂದಾಗ ಅದರಲ್ಲಿ ಡಿಸಿ ಚಾರ್ಜಿಂಗ್ ಇರಲೇ ಇಲ್ಲ. ಹಳೆಯ ಕಾರು ಕೊಳ್ಳುವವರು ಇನ್ನೂ ಎಚ್ಚರ ವಹಿಸಬೇಕು. ಮಹೀಂದ್ರ ಇ-ವೆರಿಟೊದಂಥ ಮೊದಲ ತಲೆಮಾರಿನವಕ್ಕೆ ಡಿಸಿಯಲ್ಲಿ ಜಿಬಿ/ಟಿ ಕನೆಕ್ಟರ್. ಈಗ ಹಾಕುತ್ತಿರುವ ಸಿಸಿಎಸ್ 2 ಗನ್ ಅವಕ್ಕೆ ಕೂರುವುದಿಲ್ಲ. ಅಡಾಪ್ಟರ್ ಹುಡುಕಲು ಹೋಗಬೇಡಿ, ಸುರಕ್ಷತಾ ನಿಯಮ ಅದನ್ನು ಒಪ್ಪುವುದಿಲ್ಲ.

ಗೋಡೆಯ ಪೆಟ್ಟಿಗೆ ಆನ್‌ಲೈನ್‌ನಲ್ಲಿ ತರಿಸುವವರು ಅದಕ್ಕೆ ಕೇಬಲ್ ಅಂಟಿಕೊಂಡೇ ಬರುತ್ತದೆಯೇ, ಬರೀ ಸಾಕೆಟ್ ಇದೆಯೇ ನೋಡಬೇಕು. ಸಾಕೆಟ್ ಮಾತ್ರ ಇದ್ದರೆ ಎರಡೂ ತುದಿ ಟೈಪ್ 2 ಇರುವ ಕೇಬಲ್ ಬೇರೆ ಕೊಳ್ಳಬೇಕು. ಕೇಬಲ್ 5 ಮೀಟರ್ ಇದ್ದರೆ ನಿಮ್ಮ ಶೆಡ್‌ನಲ್ಲಿ ಕಾರಿನ ಚಾರ್ಜಿಂಗ್ ಬಾಯಿ ಯಾವ ಮಗ್ಗುಲಿಗೆ ಬರುತ್ತದೆ ಎಂಬುದನ್ನು ಟೆಸ್ಟ್ ಡ್ರೈವ್ ದಿನವೇ ಮನೆಗೆ ತಂದು ನಿಲ್ಲಿಸಿ ನೋಡಿ. ಕೆಲವು ಕಾರುಗಳಿಗೆ ಮುಂದೆ ಮೂತಿಯಲ್ಲಿ, ಕೆಲವಕ್ಕೆ ಪೆಟ್ರೋಲ್ ಟ್ಯಾಂಕಿನ ಜಾಗದಲ್ಲಿ ಇರುತ್ತದೆ. ಸಾಕೆಟ್ ಎಲ್ಲಿ ಹಾಕಿಸಬೇಕೆಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಅಂದೇ ಗುರುತು ಹಾಕಿ, ಆಮೇಲೆ ಗುತ್ತಿಗೆದಾರರನ್ನು ಕರೆಸಿ.

ಎಲ್ಲ ಮುಗಿದ ಮೇಲೆ ಮೊದಲ ಸಲ ಎರಡು ಗಂಟೆ ಸತತ ಚಾರ್ಜ್ ಮಾಡಿ, ಬ್ರೇಕರ್ ಇಳಿಸಿ, ಪ್ಲಗ್ ಮತ್ತು ಸಾಕೆಟ್‌ನ ಮುಖವನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾರದಷ್ಟು ಬಿಸಿಯಿದ್ದರೆ ಸ್ಕ್ರೂ ಬಿಗಿಯಾಗಿಲ್ಲ, ಅಥವಾ ಸಾಕೆಟ್ ಕಳಪೆ. ಗುತ್ತಿಗೆದಾರರು ಹಣ ಪಡೆದು ಹೋಗುವ ಮೊದಲೇ ಬಿಚ್ಚಿಸಿ ಸರಿ ಮಾಡಿಸಿ. ಆರ್‌ಸಿಬಿಒ ಮೇಲಿನ ಟೆಸ್ಟ್ ಬಟನ್ ಒತ್ತಿದಾಗ ಅದು ಕೂಡಲೇ ಬೀಳಬೇಕು. ಅವರ ಎದುರೇ ಒತ್ತಿ ನೋಡಿ, ಆಮೇಲೆ ಪ್ರತಿ ತಿಂಗಳು ಬಿಲ್ ಬಂದ ದಿನ ಒಮ್ಮೆ ಒತ್ತಿ.